ಟಿವಿ ಆಯ್ಕೆ: ಡಬ್ಬಿಯ ಮೇಲಿನ ಮಾತು ಬಿಟ್ಟು ಅಳೆದು ಬರೆದ ಅಂಕಿ ಓದುವುದು ಹೇಗೆ?

ಕಲಬುರಗಿಯ ಜೇವರ್ಗಿ ರಸ್ತೆಯ ಕಡೆ ನಮ್ಮ ಅಕ್ಕನ ಮನೆಯಿದೆ. ಹಾಲ್‌ಗೆ ಶಹಾಬಾದ್ ಕಲ್ಲಿನ ನೆಲ, ಪಶ್ಚಿಮಕ್ಕೆ ಅಗಲವಾದ ಕಿಟಕಿ, ಅದರ ನೇರ ಎದುರಿನ ಗೋಡೆಗೆ ಟಿವಿ. ಮೂರು ವರ್ಷದ ಹಿಂದೆ ಭಾವ ಡಬ್ಬಿಯ ಮೇಲಿದ್ದ ‘ಎಚ್‌ಡಿಆರ್’, ‘ನೂರು ಕೋಟಿ ಬಣ್ಣ’ ಎಂಬ ಮಾತುಗಳನ್ನು ನಂಬಿ 55 ಇಂಚಿನ ಟಿವಿಯೊಂದನ್ನು ತಂದಿದ್ದರು. ಮಧ್ಯಾಹ್ನ 3:30ರ ಐಪಿಎಲ್ ಪಂದ್ಯ ಹಾಕಿದರೆ ಆಟಗಾರರಿಗಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿದ್ದುದು ಕಿಟಕಿಯೂ ಸೋಫಾದ ಮೇಲೆ ಕುಳಿತ ಭಾವನೂ. ರಾತ್ರಿ ಪಕ್ಕದ ಮಂಚದಿಂದ ಧಾರಾವಾಹಿ ನೋಡುವ ಅಕ್ಕನ ಅತ್ತೆಗೆ ಎಲ್ಲರ ಮುಖವೂ ಜ್ವರ ಬಂದವರಂತೆ ಬಿಳಿಚಿಕೊಂಡಿರುತ್ತಿತ್ತು. ಈ ವರ್ಷ ಆ ಟಿವಿಯನ್ನು ಮಲಗುವ ಕೋಣೆಗೆ ಸಾಗಿಸಿ ಹೊಸದು ಕೊಳ್ಳುವುದೆಂದಾಯಿತು. ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಡಬ್ಬಿಯ ಮೇಲೆ ಬರೆದದ್ದು ಪೂರ್ತಿ ಸುಳ್ಳೇನಲ್ಲ. ‘ಎಚ್‌ಡಿಆರ್’ ಎಂದರೆ, ಬೆಳಕು-ಕತ್ತಲಿನ ಅಂತರ ಹೆಚ್ಚಿರುವ ಬಗೆಯ ಸಿಗ್ನಲ್ ಬಂದರೆ ಟಿವಿ ತಿರಸ್ಕರಿಸುವುದಿಲ್ಲ ಎಂದಷ್ಟೇ ಅರ್ಥ. ಅದಕ್ಕೆ ಬೇಕಾದ ಪ್ರಖರತೆ ಇದೆ ಎಂದಲ್ಲ. ‘ಡೈನಾಮಿಕ್ ಕಾಂಟ್ರಾಸ್ಟ್ ಹತ್ತು ಲಕ್ಷ’ ಎಂಬುದು ಸ್ಕ್ರೀನಿನ ಹಿಂದೆ ಉರಿಯುವ ಬ್ಯಾಕ್‌ಲೈಟನ್ನು ಒಮ್ಮೆ ಪೂರ್ತಿ ಉರಿಸಿ, ಇನ್ನೊಮ್ಮೆ ಆರಿಸಿ ತೆಗೆದ ಲೆಕ್ಕ. ಒಂದೇ ದೃಶ್ಯದೊಳಗೆ ಅದು ಎಂದೂ ಸಿಗುವುದಿಲ್ಲ. ಉಪಯೋಗಕ್ಕೆ ಬರುವ ಅಂಕಿ ಬೇಕೆಂದರೆ, ಟಿವಿಯನ್ನು ತಾವೇ ಹಣ ಕೊಟ್ಟು ಕೊಂಡು, ಮೀಟರ್ ಹಿಡಿದು ಅಳೆದವರ ವಿಮರ್ಶೆ ಓದಬೇಕು. ಕೆನಡಾದ RTINGS.com ಹೀಗೆ ಕೆಲಸ ಮಾಡುವ ತಾಣ. ಆದರೆ ಅಲ್ಲಿ ಹೋಗಿ ಒಟ್ಟು ಅಂಕ ಎಷ್ಟು ಎಂದು ಮಾತ್ರ ನೋಡಿ ಬಂದರೆ ಡಬ್ಬಿ ಓದಿದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಟ್ಟು ಅಂಕವು ಯಾರದೋ ಸರಾಸರಿ ಕೋಣೆಗೆ ಕೊಟ್ಟದ್ದು. ನಮ್ಮ ಕೋಣೆ ಬೇರೆ.

ಮೊದಲು ಕೋಣೆಯನ್ನು ಅಳೆಯಿರಿ

ಹಾಗಾಗಿ ಮೊದಲ ಹೆಜ್ಜೆ ಇಂಟರ್ನೆಟ್‌ನಲ್ಲಿ ಅಲ್ಲ, ಟೇಪು ಹಿಡಿದು ಹಾಲ್‌ನಲ್ಲಿ. ಅಕ್ಕನ ಮನೆಯಲ್ಲಿ ಸೋಫಾ ಟಿವಿಗೆ ನೇರ, 9 ಅಡಿ ದೂರ. ಅತ್ತೆಯ ಮಂಚ ಟಿವಿಯಿಂದ ಮುಂದಕ್ಕೆ 6 ಅಡಿ, ಪಕ್ಕಕ್ಕೆ 5 ಅಡಿ. ಎಂದರೆ ಅವರು ನೋಡುವುದು ಸುಮಾರು 40 ಡಿಗ್ರಿ ಓರೆಯಿಂದ. ಇದನ್ನು ಕಾಗದದ ಮೇಲೆ ಗೀಚಿ ಶಾಲೆಯ ಕೋನಮಾಪಕ ಇಟ್ಟು ನೋಡಿದರೂ ಸಾಕು.

ಬೆಳಕನ್ನು ಮೊಬೈಲಿನ ಲಕ್ಸ್ ಮೀಟರ್ ಆ್ಯಪ್‌ನಿಂದ ಅಳೆದೆ. ಅದು ನಿಖರವಲ್ಲ, ಅಂದಾಜು. ಫೋನನ್ನು ಟಿವಿ ಇರುವ ಜಾಗದಲ್ಲಿ, ಮುಖ ಕೋಣೆಯ ಕಡೆಗೆ ಮಾಡಿ ಹಿಡಿಯಬೇಕು. ಮಧ್ಯಾಹ್ನ ನಾಲ್ಕಕ್ಕೆ ಕಿಟಕಿಗೆ ತೆಳು ಪರದೆ ಎಳೆದಾಗ 300 ಲಕ್ಸ್ ತೋರಿಸಿತು. ರಾತ್ರಿ ಸಣ್ಣ ಬಲ್ಬ್ ಒಂದೇ ಉರಿಯುವಾಗ 10 ಲಕ್ಸ್. ಮುಂದಿನ ಎಲ್ಲ ಲೆಕ್ಕಕ್ಕೂ ಆಧಾರ ಈ ಮೂರೇ ಸಂಖ್ಯೆ: 40 ಡಿಗ್ರಿ, 300 ಲಕ್ಸ್, 10 ಲಕ್ಸ್.

ಓದುತ್ತಿರುವುದು ನಿಮ್ಮ ಟಿವಿಯ ವಿಮರ್ಶೆಯೇ?

RTINGS ತಾಣದಲ್ಲಿ ಪರೀಕ್ಷೆಯಾಗುವುದು ಹೆಚ್ಚಾಗಿ ಉತ್ತರ ಅಮೆರಿಕದ ಮಾರುಕಟ್ಟೆಯ ಮಾದರಿಗಳು. ಸ್ಯಾಮ್‌ಸಂಗ್‌ನ ಅಲ್ಲಿನ ಸಂಕೇತ UN55 ಅಥವಾ QN55 ಎಂದು ಆರಂಭವಾದರೆ ನಮ್ಮಲ್ಲಿ UA55 ಅಥವಾ QA55. ಎಲ್‌ಜಿಯ OLED55C3PUA ನಮ್ಮಲ್ಲಿ OLED55C3PSA. ದುಬಾರಿ ಶ್ರೇಣಿಗಳಲ್ಲಿ ಇದು ಬಹುಮಟ್ಟಿಗೆ ಹೆಸರಿನ ವ್ಯತ್ಯಾಸ. ಅಗ್ಗದ ಶ್ರೇಣಿಗಳಲ್ಲಿ ಹಾಗೆಂದು ನಂಬುವಂತಿಲ್ಲ. ಒಂದೇ ಶ್ರೇಣಿಯ 50 ಇಂಚಿಗೆ ಒಂದು ಬಗೆಯ ಪ್ಯಾನೆಲ್, 55 ಇಂಚಿಗೆ ಇನ್ನೊಂದು ಬಗೆಯದು ಇರುವುದುಂಟು. ವಿಮರ್ಶೆಯ ಆರಂಭದಲ್ಲೇ ಯಾವ ಗಾತ್ರವನ್ನು ಪರೀಕ್ಷಿಸಿದರು, ಉಳಿದ ಗಾತ್ರಗಳಿಗೆ ಫಲಿತಾಂಶ ಅನ್ವಯಿಸುತ್ತದೆಯೇ ಎಂದು ಬರೆದಿರುತ್ತಾರೆ. ಬಹಳ ಜನ ದಾಟಿಹೋಗುವ ಆ ಎರಡು ಸಾಲನ್ನು ನಾನು ಎರಡು ಸಲ ಓದುತ್ತೇನೆ.

ಪ್ರಖರತೆ: ಒಂದಲ್ಲ, ಹಲವು ಅಂಕಿ

ಪ್ರಖರತೆಯನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಸ್ಕ್ರೀನಿನ 2%, 10%, 50%, 100% ಭಾಗದಲ್ಲಿ ಬಿಳಿ ಚೌಕ ತೋರಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕಿ ಕೊಡುತ್ತಾರೆ. ಜಾಹೀರಾತಿನಲ್ಲಿ ಬರುವುದು ಇವುಗಳಲ್ಲಿ ಅತಿ ದೊಡ್ಡದು. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಒಎಲ್‌ಇಡಿ ಟಿವಿಯೊಂದು 10% ಚೌಕದಲ್ಲಿ ಸಾವಿರ ನಿಟ್ಸ್ ಮುಟ್ಟಿ, ಸ್ಕ್ರೀನ್ ತುಂಬ ಬಿಳಿ ತೋರಿಸಿದಾಗ 200ರ ಆಸುಪಾಸಿಗೆ ಇಳಿದರೆ ಆಶ್ಚರ್ಯವಿಲ್ಲ. ಅಷ್ಟು ವಿದ್ಯುತ್ತನ್ನೂ ಶಾಖವನ್ನೂ ಇಡೀ ಪ್ಯಾನೆಲ್ ತಾಳಲಾರದೆಂದು ಟಿವಿಯೇ ತನ್ನನ್ನು ತಗ್ಗಿಸಿಕೊಳ್ಳುತ್ತದೆ.

ಕತ್ತಲಲ್ಲಿ ದೀಪ ಮಿನುಗುವ ಸಿನಿಮಾ ನೋಡುವವರಿಗೆ 10%ರ ಅಂಕಿ ಮುಖ್ಯ. ಆದರೆ ಕ್ರಿಕೆಟ್ ಮೈದಾನ ಎಂದರೆ ಸ್ಕ್ರೀನ್ ತುಂಬ ಬಿಸಿಲು ಬಿದ್ದ ಹುಲ್ಲು. ಭಾವನಿಗೆ ಬೇಕಾದದ್ದು 50% ಮತ್ತು 100%ರ ಅಂಕಿ, ಅದೂ ಎಸ್‌ಡಿಆರ್ ಎಂಬ ಸಾಮಾನ್ಯ ಸಿಗ್ನಲ್‌ನ ವಿಭಾಗದಲ್ಲಿ. ನಮ್ಮ ಸಾಮಾನ್ಯ ಚಾನೆಲ್‌ಗಳು ಎಚ್‌ಡಿಆರ್‌ನಲ್ಲಿ ಬರುವುದಿಲ್ಲವಲ್ಲ.

ಹಗಲಿನ ಕಪ್ಪು, ರಾತ್ರಿಯ ಕಪ್ಪು

ಇನ್ನು ಕಾಂಟ್ರಾಸ್ಟ್. ಅತಿ ಬಿಳಿ ಅತಿ ಕಪ್ಪಿಗಿಂತ ಎಷ್ಟು ಪಟ್ಟು ಪ್ರಖರ ಎಂಬುದೇ ಅದು. ಎಲ್‌ಸಿಡಿ ಟಿವಿಗಳಲ್ಲಿ ಹೆಚ್ಚಾಗಿ ಕಾಣುವುದು ವಿಎ, ಐಪಿಎಸ್ ಎಂಬ ಎರಡು ಬಗೆಯ ಪ್ಯಾನೆಲ್; ವಿಎಯಲ್ಲಿ ಇದು ಹಲವು ಸಾವಿರ ಇದ್ದರೆ ಐಪಿಎಸ್‌ನಲ್ಲಿ ಸಾವಿರದ ಸುತ್ತ. ಆದರೆ ಇದನ್ನು ಅಳೆಯುವುದು ಕತ್ತಲ ಕೋಣೆಯಲ್ಲಿ. ನಮ್ಮ ಕೋಣೆಯಲ್ಲಿ ಸ್ಕ್ರೀನಿನ ಮೇಲೆ ಬಿದ್ದ ಬೆಳಕೂ ಕಪ್ಪಿನ ಜೊತೆ ಸೇರಿಕೊಳ್ಳುತ್ತದೆ. ಎಷ್ಟು ಸೇರುತ್ತದೆ ಎಂದು ತಿಳಿಯಲು ಸುಲಭ ಸೂತ್ರವಿದೆ:

```
ಲಕ್ಸ್ × ಪ್ರತಿಫಲನ ÷ 3.14 = ನಿಟ್ಸ್
```

ಪ್ರತಿಫಲನದ ಅಂಕಿಯೂ ವಿಮರ್ಶೆಯಲ್ಲಿರುತ್ತದೆ. ಲೆಕ್ಕಕ್ಕೆ 2% ಎಂದು ಇಟ್ಟುಕೊಳ್ಳೋಣ. 300ನ್ನು 0.02ರಿಂದ ಗುಣಿಸಿ 3.14ರಿಂದ ಭಾಗಿಸಿದರೆ 1.9 ನಿಟ್ಸ್.

ಈಗ ಮೂರು ಕಲ್ಪಿತ ಟಿವಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಮೊದಲನೆಯದು 300 ನಿಟ್ಸ್‌ನ ವಿಎ, ಕಾಂಟ್ರಾಸ್ಟ್ 5000. ಎರಡನೆಯದು ಅಷ್ಟೇ ಪ್ರಖರತೆಯ ಐಪಿಎಸ್, ಕಾಂಟ್ರಾಸ್ಟ್ 1000. ಮೂರನೆಯದು 600 ನಿಟ್ಸ್‌ನ ವಿಎ, ಕಾಂಟ್ರಾಸ್ಟ್ 5000. ಮೊದಲನೆಯದರ ಕಪ್ಪು 0.06 ನಿಟ್ಸ್, ಎರಡನೆಯದರದು 0.3. ಕಾಗದದ ಮೇಲೆ ಐದು ಪಟ್ಟು ಅಂತರ. ಎರಡಕ್ಕೂ ಹಗಲಿನ 1.9 ಸೇರಿಸಿ ಭಾಗಿಸಿದರೆ, ನಾಲ್ಕು ಗಂಟೆಗೆ ಭಾವನ ಕಣ್ಣಿಗೆ ಬೀಳುವ ನಿಜವಾದ ಕಾಂಟ್ರಾಸ್ಟ್ ಮೊದಲನೆಯದರಲ್ಲಿ ಸುಮಾರು 150, ಎರಡನೆಯದರಲ್ಲಿ ಸುಮಾರು 140. ಐದು ಪಟ್ಟು ಎಂದು ಹೇಳಿಕೊಂಡದ್ದು ಸೋಫಾದವರೆಗೆ ಬರುವಷ್ಟರಲ್ಲಿ ಕರಗಿಹೋಗಿರುತ್ತದೆ. ಮೂರನೆಯದರಲ್ಲಿ ಮಾತ್ರ ಅದು ಸುಮಾರು 300. ಹಗಲಿಗೆ ಗೆಲ್ಲಿಸುವುದು ಪ್ರಖರತೆ ಮತ್ತು ಕಡಿಮೆ ಪ್ರತಿಫಲನ.

ರಾತ್ರಿ 10 ಲಕ್ಸ್‌ನಲ್ಲಿ ಅದೇ ಲೆಕ್ಕ ಹಾಕಿದರೆ ಚಿತ್ರ ತಿರುಗಿ ಬೀಳುತ್ತದೆ. ಮೊದಲನೆಯದು 2400ರ ಹತ್ತಿರ ನಿಂತರೆ ಎರಡನೆಯದು 800ರ ಆಚೆಗೆ ಹೆಚ್ಚು ಹೋಗದು. ಆಗ ಐಪಿಎಸ್‌ನ ಕಪ್ಪು ಬೂದಿಯ ಬಣ್ಣಕ್ಕೆ ತಿರುಗಿದ್ದು ಎದ್ದು ಕಾಣುತ್ತದೆ.

ಒಂದು ಎಚ್ಚರಿಕೆ. ಈ ಸೂತ್ರ ಕೋಣೆಯಲ್ಲಿ ಹರಡಿದ ಬೆಳಕಿಗೆ ಮಾತ್ರ. ಕಿಟಕಿಯೇ ಕನ್ನಡಿಯಂತೆ ಸ್ಕ್ರೀನಿನಲ್ಲಿ ಮೂಡಿದರೆ ಲೆಕ್ಕ ಬೇರೆ. ಬೇಸಿಗೆಯ ಬಿಸಿಲಲ್ಲಿ ಎದುರು ಮನೆಯ ಸುಣ್ಣದ ಗೋಡೆ ಹಲವು ಸಾವಿರ ನಿಟ್ಸ್ ಹೊಳೆಯುತ್ತಿರುತ್ತದೆ. 5000 ಎಂದುಕೊಂಡು ಅದರ 1% ಮಾತ್ರ ಮರಳಿ ಬಂದರೂ 50 ನಿಟ್ಸ್ ಆಯಿತು. ಅದರೆದುರು ಯಾವ ಟಿವಿಯೂ ನಿಲ್ಲುವುದು ಕಷ್ಟ. ಪರದೆ ಎಳೆಯಬೇಕು ಅಥವಾ ಟಿವಿ ತಿರುಗಿಸಬೇಕು.

ಅತ್ತೆಯ 40 ಡಿಗ್ರಿ

ಓರೆಯಿಂದ ನೋಡಿದಾಗ ಎಷ್ಟನೇ ಡಿಗ್ರಿಯಲ್ಲಿ ಬಣ್ಣ ಬಿಳಿಚಲು ಶುರುವಾಗುತ್ತದೆ ಎಂಬುದನ್ನೂ ಅಳೆದು ಕೊಡುತ್ತಾರೆ. ವಿಎಯಲ್ಲಿ ಈ ಅಂಕಿ ಸಾಮಾನ್ಯವಾಗಿ 20–30 ಡಿಗ್ರಿ. ಐಪಿಎಸ್ ಮತ್ತು ಒಎಲ್‌ಇಡಿಗಳಲ್ಲಿ ಹೆಚ್ಚು. ಅತ್ತೆಯ ಮಂಚ 40ರಲ್ಲಿದೆ. ಅಂದರೆ ಹಗಲಿಗೆ ಗೆದ್ದ ಮೂರನೆಯ ಬಗೆಯ ಟಿವಿ ರಾತ್ರಿ ಅತ್ತೆಯ ಪಾಲಿಗೆ ಹಳೆಯ ಟಿವಿಯ ತಮ್ಮನೇ. ಮಂಚ ಸರಿಸೋಣ ಎಂದರೆ ಅದು ಫ್ಯಾನಿನ ಕೆಳಗಿದೆ. ಮೇ ತಿಂಗಳ ಕಲಬುರಗಿಯಲ್ಲಿ ಆ ಮಾತೆತ್ತುವ ಧೈರ್ಯ ಅಕ್ಕನಿಗೂ ಇರಲಿಲ್ಲ.

ಪರಿಹಾರ ಸಿಕ್ಕಿದ್ದು ಟಿವಿಯ ಬೆಲೆಯ ಮುಂದೆ ಚಿಲ್ಲರೆ ಎನ್ನಿಸುವ ಸ್ಟ್ಯಾಂಡಿನಲ್ಲಿ. ತೋಳಿರುವ, ಎಡಬಲಕ್ಕೆ ತಿರುಗುವ ಗೋಡೆ ಬ್ರಾಕೆಟ್ ಹಾಕಿಸಿ ಟಿವಿಯನ್ನು ಮಂಚದ ಕಡೆಗೆ 20 ಡಿಗ್ರಿ ತಿರುಗಿಸಿದರೆ ಅತ್ತೆಯ 40 ಡಿಗ್ರಿ 20ಕ್ಕೆ ಇಳಿಯುತ್ತದೆ. ಸೋಫಾದವರಿಗೆ 20 ಡಿಗ್ರಿ ಓರೆಯಾದರೂ ಮಿತಿಯೊಳಗೇ. ಇನ್ನೊಂದು ಲಾಭವೂ ಇದೆ: ಕನ್ನಡಿಯನ್ನು 20 ಡಿಗ್ರಿ ತಿರುಗಿಸಿದರೆ ಅದರಲ್ಲಿನ ಬಿಂಬ 40 ಡಿಗ್ರಿ ಸರಿಯುತ್ತದೆ. ಸೋಫಾದಿಂದ ಕಾಣುತ್ತಿದ್ದ ಕಿಟಕಿ ಸ್ಕ್ರೀನಿನಿಂದಲೇ ಆಚೆ ಹೋಗುತ್ತದೆ, ಅಲ್ಲಿ ಪಕ್ಕದ ಗೋಡೆ ಬಂದು ಕೂರುತ್ತದೆ. ಬ್ರಾಕೆಟ್ ಕೊಳ್ಳುವಾಗ ಟಿವಿಯ ಹಿಂಬದಿಯ ತೂತುಗಳ ಅಂತರ, ಅಂದರೆ VESA ಅಳತೆ, ಮತ್ತು ತೂಕ ಎರಡನ್ನೂ ಹೊಂದಿಸಿ ನೋಡಬೇಕು.

ವಿಮರ್ಶೆಯೇ ಸಿಗದಿದ್ದರೆ

ಭಾರತದಲ್ಲಿ ಮಾತ್ರ ಮಾರುವ ಅಗ್ಗದ ಟಿವಿಗಳನ್ನು ಮೀಟರ್ ಹಿಡಿದು ಅಳೆದವರು ಕಡಿಮೆ. ಹಾಗಾಗಿ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಎರಡು ಚಿತ್ರ ಒಯ್ದೆ: ಒಂದು ಪೂರ್ತಿ ಬಿಳಿ, ಇನ್ನೊಂದು ತೀರ ಕಡು ಬೂದು. ಅಂಗಡಿಯಲ್ಲಿ ಎಲ್ಲ ಟಿವಿಗಳೂ ಕಣ್ಣು ಕುಕ್ಕುವ ಪ್ರದರ್ಶನ ಮೋಡ್‌ನಲ್ಲಿರುತ್ತವೆ. ಹೋಲಿಸಬೇಕಾದ ಎರಡು ಟಿವಿಗಳನ್ನೂ ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ತರಲು ಹೇಳಬೇಕು. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಐಎಸ್‌ಒ 100, ಶಟರ್ 1/30 ಎಂದು ಕಟ್ಟಿಹಾಕಿ, ಒಂದೇ ದೂರದಿಂದ ಎರಡೂ ಟಿವಿಯ ಬಿಳಿಯನ್ನು ತೆಗೆಯಿರಿ. ಬಿಳಿ ಪೂರ್ತಿ ಕರಗಿಹೋದರೆ ಎರಡಕ್ಕೂ ಶಟರ್ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡಿ. ಯಾವುದು ಪ್ರಖರ ಎಂಬುದು ಫೋಟೊದಲ್ಲಿ ತಿಳಿಯುತ್ತದೆ; ನಿಟ್ಸ್ ತಿಳಿಯದು. ಅಳತೆಯ ವಿಮರ್ಶೆ ಇರುವ ಟಿವಿಯೊಂದು ಅದೇ ಸಾಲಿನಲ್ಲಿದ್ದರೆ ಅದರೊಂದಿಗೆ ಹೋಲಿಸಿ ಅಂದಾಜು ಕಟ್ಟಬಹುದು. ಬಳಿಕ ಪಕ್ಕಕ್ಕೆ ಸರಿದು 40 ಡಿಗ್ರಿಯಿಂದ ಯಾರದಾದರೂ ಮುಖ ಇರುವ ದೃಶ್ಯ ನೋಡಿ. ಬಿಳಿಚಿದರೆ ವಿಎ ಇರಬಹುದು.

ಅಂಗಡಿಯವರು ಮೊದಲು ‘ಏನ್ರೀ ಸರ್, ಇಷ್ಟೆಲ್ಲಾ?’ ಎಂದರು. ಕಡು ಬೂದು ಚಿತ್ರ ಹಾಕಿದಾಗ ಒಂದು ಟಿವಿಯ ಮೂಲೆಗಳಲ್ಲಿ ಮಂಜು ಕವಿದಂತೆ ಬೆಳಕು ಸೋರುವುದು ಕಂಡಿತು. ಅವರೇ ಬಾಗಿ ನೋಡಿ ಆ ಟಿವಿಯನ್ನು ಪಟ್ಟಿಯಿಂದ ತೆಗೆಸಿದರು.

ಕೊನೆಗೆ ಅಕ್ಕನ ಮನೆಗೆ ಬಂದದ್ದು ಮೂರನೆಯ ಬಗೆಯ ಟಿವಿ, ತಿರುಗುವ ಬ್ರಾಕೆಟ್ ಸಮೇತ. ಡಬ್ಬಿ ಬಿಚ್ಚುವ ಮುಂಚೆ ಅದರ ಮೇಲಿನ ಸಂಕೇತವನ್ನು ನಾನು ಬರೆದುಕೊಂಡಿದ್ದ ಸಂಕೇತದೊಂದಿಗೆ ಅಕ್ಷರ ಅಕ್ಷರ ಹೋಲಿಸಿದೆವು. ಅದೇ ಸಂಜೆ ಬೂದು ಚಿತ್ರ ಮತ್ತೊಮ್ಮೆ ಹಾಕಿ ಮೂಲೆಗಳನ್ನು ನೋಡಿದೆವು. ಏಕೆಂದರೆ ಒಂದೇ ಮಾದರಿಯಲ್ಲೂ ಒಂದು ಟಿವಿಯಂತೆ ಇನ್ನೊಂದಿರುವುದಿಲ್ಲ, ಬದಲಿಸಿ ಕೊಡುವ ಗಡುವು ಕೆಲವೇ ದಿನ. ಮೂಲೆಗಳು ಸರಿಯಿದ್ದವು. ಅತ್ತೆ ಮಂಚದಿಂದಲೇ ರಿಮೋಟ್ ಕೇಳಿದರು.