ಆ 6x ಎಲ್ಲಿ ಹೋಯ್ತು?

ಪಿಯುಸಿ ಮಕ್ಕಳಿಗೆ ಮನೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂದು ಸಂಜೆ ಬೋರ್ಡಿನ ಮೇಲೆ ಈ ಲೆಕ್ಕ ಬರೆದೆ. x ಅನಂತದ ಕಡೆ ಹೋದಾಗ ಇದರ ಬೆಲೆ ಎಷ್ಟರ ಕಡೆ ಹೋಗುತ್ತದೆ ಅನ್ನುವುದು ಪ್ರಶ್ನೆ:

```
√(x² + 6x) − x
```

ಒಬ್ಬ ಹುಡುಗ ತಕ್ಷಣ, "ಸೊನ್ನೆ ಸರ್. ಅನಂತದಲ್ಲಿ ಅನಂತ ಕಳೆದರೆ ಸೊನ್ನೆ ಅಲ್ವಾ?" ಅಂದ. ಇದು ನಾನು ಕಾಯುತ್ತಿದ್ದ ತಪ್ಪೇ. ಅನಂತ ಒಂದು ಸಂಖ್ಯೆಯಲ್ಲ, ಹಾಗಾಗಿ ∞ − ∞ ಅಂತ ಬಂದರೆ ಉತ್ತರ ಇನ್ನೂ ಸಿಕ್ಕಿಲ್ಲ ಅಂತ ಅರ್ಥ, ಅಷ್ಟೇ.

ಪಕ್ಕದ ಹುಡುಗಿಯ ಉತ್ತರವೂ ಸೊನ್ನೆ, ಆದರೆ ದಾರಿ ಬೇರೆ. "x ತುಂಬಾ ದೊಡ್ಡದಾದಾಗ x² ಮುಂದೆ 6x ಲೆಕ್ಕಕ್ಕಿಲ್ಲ ಅಂತ ನೀವೇ ಹೇಳಿದ್ರಿ. ಅದನ್ನು ಬಿಟ್ಟರೆ √x², ಅಂದರೆ x. ಎರಡೂ ಕ್ಯಾನ್ಸಲ್."

ನಿಜ, ನಾನೇ ಹೇಳಿದ್ದೆ. ಹಿಂದಿನ ವಾರ ಭಾಗಾಕಾರದ ಲೆಕ್ಕಗಳಲ್ಲಿ "ದೊಡ್ಡ ಘಾತ ಮಾತ್ರ ನೋಡಿ" ಅಂದಿದ್ದೆ. ಅದು ಭಾಗಾಕಾರಕ್ಕೆ ಮಾತ್ರ ಅಂತ ಹೇಳುವುದನ್ನೇ ಬಿಟ್ಟಿದ್ದೆ.

ಕ್ಯಾಲ್ಕ್ಯುಲೇಟರ್ ತೆಗೆಯಲು ಹೇಳಿದೆ. x = 100 ಹಾಕಿದಾಗ √10600 ಸುಮಾರು 102.956 ಬಂತು. ಅದನ್ನು 100ರಿಂದ ಭಾಗಿಸಿದರೆ 1.03, ಒಂದಕ್ಕೆ ಹತ್ತಿರ. ಕಳೆದರೆ? 2.956. x = 1000 ಹಾಕಿದಾಗ ಭಾಗಾಕಾರ ಒಂದಕ್ಕೆ ಇನ್ನೂ ಹತ್ತಿರವಾಯಿತು, ವ್ಯತ್ಯಾಸ ಮಾತ್ರ 2.9955 ಆಯಿತು. ಸೊನ್ನೆ ಕಡೆ ಹೋಗುವ ಲಕ್ಷಣವೇ ಇಲ್ಲ. ಕಳೆಯುವಾಗ ದೊಡ್ಡ ಭಾಗಗಳು ಒಂದನ್ನೊಂದು ಹೊಡೆದುಕೊಂಡು ಹೋಗುತ್ತವೆ. ಉಳಿಯುವುದು ನಾವು ಸಣ್ಣದು ಅಂತ ಬಿಸಾಕಿದ ಆ 6x ಕೊಟ್ಟದ್ದೇ.

ಆಮೇಲೆ √(x² + 6x) + x ನಿಂದ ಮೇಲೂ ಕೆಳಗೂ ಗುಣಿಸಿದೆವು. ಮೇಲೆ x² ನಿಜವಾಗಿಯೂ ಕ್ಯಾನ್ಸಲ್ ಆಗಿ 6x ಉಳಿಯಿತು. ಎಲ್ಲವನ್ನೂ x ನಿಂದ ಭಾಗಿಸಿದರೆ:

```
6 / (√(1 + 6/x) + 1)  →  6/2 = 3
```

ಈಗ 6/x ಸೊನ್ನೆಗೆ ಹೋಗುತ್ತದೆ ಅಂತ ಧೈರ್ಯವಾಗಿ ಬಿಡಬಹುದು. ಕೆಳಗಿರುವುದು ಮೊತ್ತ, ಅಲ್ಲಿ ಯಾವುದೂ ಹೊಡೆದುಕೊಂಡು ಹೋಗುವುದಿಲ್ಲ.

ಇಷ್ಟಾದ ಮೇಲೆ √(x² + 6x) + x ಕೊಟ್ಟು, x ಅನ್ನು −∞ ಕಡೆ ಕಳಿಸಿದೆ. ಈ ಸಲ ಯಾರೂ ಸೊನ್ನೆ ಅನ್ನಲಿಲ್ಲ, ಅದೇ ಖುಷಿ. ಆದರೆ ಅರ್ಧ ತರಗತಿ 6/0ಕ್ಕೆ ಬಂದು ನಿಂತಿತು. x ಋಣವಾದಾಗ √x² ಅಂದರೆ x ಅಲ್ಲ, −x. ಇದನ್ನು ಮರೆತು ಸುಮ್ನೆ ರೂಟಿನೊಳಗಿಂದ x ಹೊರಗೆ ತಂದಿದ್ದರು. ಚಿಹ್ನೆ ಸರಿ ಮಾಡಿದಾಗ ಛೇದ −√(1 + 6/x) − 1 ಆಯಿತು, ಉತ್ತರ −3. ಅದೇ ಹುಡುಗಿ ನಾನು ಹೇಳುವ ಮೊದಲೇ −1000 ಹಾಕಿ ನೋಡಿ, "−3.0045 ಬಂತು ಸರ್" ಅಂದಳು.