ಸಿಗ್ನಲ್ ಪೂರ್ತಿ ಇದೆ, ವಾಟ್ಸಾಪ್ ಹೋಗ್ತಿಲ್ಲ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮವರು ಬಹಳ ಜನ ಪ್ರಿಪೇಯ್ಡ್ ಸಿಮ್ ಹಾಕಿಸಿಕೊಳ್ಳುತ್ತಾರೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಬಂದಿರುವುದಿಲ್ಲ, ಕ್ರೆಡಿಟ್ ಹಿಸ್ಟರಿ ಅನ್ನುವುದೇ ಇರುವುದಿಲ್ಲ. ಹಾಗಾಗಿ ಅದೇ ಸುಲಭ. ಸಿಮ್ ಕೊಳ್ಳುವುದು, ಚಾಲೂ ಮಾಡುವುದು ದೊಡ್ಡ ವಿಷಯವಲ್ಲ. ನಾನು ಬರೆಯುತ್ತಿರುವುದು ಆ ಲೈನ್ ನಿಂತುಹೋದಾಗ ಏನಾಗುತ್ತದೆ ಅನ್ನುವುದರ ಬಗ್ಗೆ.

ನಿಂತಿದೆ ಅಂತ ಗೊತ್ತಾಗುವುದೇ ಕಷ್ಟ. ಪ್ಲಾನ್ ಮುಗಿದ ಮೇಲೂ ಫೋನು ಟವರಿನ ಜೊತೆ ಸಂಪರ್ಕ ಇಟ್ಟುಕೊಂಡಿರಬಹುದು. ಮೇಲೆ ಎಲ್ಲ ಕಡ್ಡಿಗಳೂ ಕಾಣುತ್ತವೆ, 5ಜಿ ಅಂತಲೂ ತೋರಿಸುತ್ತದೆ. ಆದರೆ ಕಂಪನಿ ನಿಮ್ಮನ್ನು ಒಂದೇ ಕಡೆಗೆ ಬಿಡುತ್ತದೆ, ದುಡ್ಡು ಕಟ್ಟುವ ತನ್ನ ಪುಟಕ್ಕೆ. ಆ ಪುಟ ಕಾಣುವುದು ಬ್ರೌಸರಿನಲ್ಲಿ ಮಾತ್ರ. ವಾಟ್ಸಾಪಿಗೆ ಅದನ್ನು ತೋರಿಸುವ ದಾರಿಯೇ ಇಲ್ಲ, ಅದು ಸುಮ್ನೆ ಕನೆಕ್ಟ್ ಆಗುತ್ತಿದ್ದೇನೆ ಅಂತ ತಿರುಗುತ್ತಾ ಇರುತ್ತದೆ. ಮನೆಯಲ್ಲಿ ವೈಫೈ ಇದ್ದರೆ ಅದೂ ಗೊತ್ತಾಗುವುದಿಲ್ಲ. ಊರಿಗೆ ವಿಡಿಯೋ ಕಾಲ್ ಎಂದಿನಂತೆ ಹೋಗುತ್ತದೆ. ಶಾಲೆಯಿಂದ ಬರಬೇಕಾದ ಕರೆ, ಬ್ಯಾಂಕಿನ ಓಟಿಪಿ ಮಾತ್ರ ಬರುವುದಿಲ್ಲ.

ನಮ್ಮ ಪಕ್ಕದ ಬ್ಲಾಕಿನಲ್ಲಿ ಹಾಸನದ ಕಡೆಯ ಒಂದು ಕುಟುಂಬ ಇದೆ. ಮೊಮ್ಮಗನನ್ನು ನೋಡಿಕೊಳ್ಳಲು ಅಮ್ಮ ಬಂದಿದ್ದರು. ಅವರ ಫೋನಿಗೆ ಮಗ 30 ದಿನದ ಪ್ಲಾನ್ ಹಾಕಿಸಿದ್ದ. ಇಲ್ಲೇ ಎಡವಟ್ಟಾಗುವುದು. 30 ದಿನ ಅಂದರೆ ತಿಂಗಳಲ್ಲ. ಮಾರ್ಚ್ 4ಕ್ಕೆ ಕಟ್ಟಿದ್ದರೆ ಮುಂದಿನದು ಏಪ್ರಿಲ್ 3ಕ್ಕೆ ಬರುತ್ತದೆ, ಏಪ್ರಿಲ್ 4ಕ್ಕಲ್ಲ. ಮಗ ಆಟೋಪೇ ಹಾಕಿದ್ದ, ಆದರೆ ನಡುವೆ ಬ್ಯಾಂಕು ಹೊಸ ಕಾರ್ಡ್ ಕಳಿಸಿತ್ತು. ಹಳೆಯ ಕಾರ್ಡಿನಿಂದ ದುಡ್ಡು ಹೋಗಲಿಲ್ಲ. ಕಂಪನಿ ಕಳಿಸಿದ ಎಸ್ಸೆಮ್ಮೆಸ್ ಅಮ್ಮನ ಫೋನಿಗೇ ಬಂತು, ಇಂಗ್ಲಿಷಿನಲ್ಲಿ. ಅವರು ಅದನ್ನು ಜಾಹೀರಾತು ಅಂದುಕೊಂಡರು.

ಏಪ್ರಿಲ್ 3 ದಾಟಿದ ಮೇಲೆ ಅಮ್ಮ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗಿ, ಬರುವಾಗ ದಾರಿ ತಪ್ಪಿದರು. ಇಲ್ಲಿನ ಅಪಾರ್ಟ್‌ಮೆಂಟುಗಳೆಲ್ಲ ಒಂದೇ ಥರ ಅಲ್ವಾ. ಮಗನಿಗೆ ಫೋನ್ ಮಾಡಿದರೆ ಯಾವುದೋ ಹೆಣ್ಣು ದನಿ ಇಂಗ್ಲಿಷಿನಲ್ಲಿ ಮಾತಾಡಿತು. ಮ್ಯಾಪ್ ತೆರೆಯಲಿಲ್ಲ. ಬ್ರೌಸರಿನಲ್ಲಿ ಕಾರ್ಡ್ ನಂಬರ್ ಕೇಳುವ ಒಂದು ಪುಟ ಬಂತು. ಫೋನು ಕೆಟ್ಟಿದೆ ಅಂತ ಆಫ್ ಮಾಡಿ ಚೀಲದಲ್ಲಿಟ್ಟರು. ದಾರಿಯಲ್ಲಿ ಸಿಕ್ಕವರು ತಮ್ಮ ಫೋನ್ ಕೊಟ್ಟರು, ಆದರೆ ಮಗನ ನಂಬರ್ ಅಮ್ಮನಿಗೆ ಬಾಯಿಗೆ ಬರುತ್ತಿರಲಿಲ್ಲ. ಊರಿನಲ್ಲಾಗಿದ್ದರೆ ಯಾವ ಅಂಗಡಿಯವನನ್ನು ಕೇಳಿದರೂ ಇಂಥವರ ಮನೆ ಎಲ್ಲಿ ಅಂತ ಹೇಳುತ್ತಿದ್ದ. ಇಲ್ಲಿ ನಮ್ಮ ಗುರುತು, ನಮ್ಮ ದಾರಿ, ನಮ್ಮ ಜನ ಎಲ್ಲವೂ ಆ ಒಂದು ಲೈನಿನ ಮೇಲೆ ನಿಂತಿದೆ. ಅದಕ್ಕೇ ನನಗೆ ಈ ವಿಷಯ ಸಣ್ಣದು ಅನ್ನಿಸುವುದಿಲ್ಲ. ಅಮ್ಮಂದಿರು ಬಂದಾಗ ಮಗನ ನಂಬರನ್ನೂ ಮನೆಯ ವಿಳಾಸವನ್ನೂ ಕಾಗದದಲ್ಲಿ ಬರೆದು ಪರ್ಸಿನಲ್ಲಿ ಇಡಿ. ಲೈನ್ ನಿಂತಿದ್ದರೂ ತುರ್ತು ಸಹಾಯದ 911ಕ್ಕೆ ಕರೆ ಹೋಗುತ್ತದೆ, ಇಲ್ಲಿನ ಕಾನೂನೇ ಹಾಗಿದೆ ಅನ್ನುವುದನ್ನೂ ಹೇಳಿಕೊಡಿ. ಆದರೆ 911ರವರು ತಿರುಗಿ ಕರೆ ಮಾಡಿದರೆ ನಿಮಗೆ ಸಿಗದೇ ಹೋಗಬಹುದು. ಎಲ್ಲಿದ್ದೇವೆ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು.

ಈಗ ಗುರುತಿಸುವುದು ಹೇಗೆ? ಮೊದಲು ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಮಾತ್ರ ಇರಲಿ. ಬ್ರೌಸರಿನಲ್ಲಿ ಇದನ್ನು ಟೈಪ್ ಮಾಡಿ:

```
http://neverssl.com
```

ಲೈನ್ ಸರಿ ಇದ್ದರೆ ಆ ಸೈಟಿನದೇ ಸರಳ ಪುಟ ಬರುತ್ತದೆ. ನಿಂತಿದ್ದರೆ ಅದರ ಬದಲು ಕಂಪನಿಯ ಪುಟ ತೆರೆಯುತ್ತದೆ. ಈ ಸೈಟೇ ಯಾಕೆ ಅಂದರೆ, ಇದಕ್ಕೆ ಬೀಗ ಇಲ್ಲ. ಬ್ಯಾಂಕು, ಜೀಮೇಲ್ ಎಲ್ಲ https ಸೈಟುಗಳು. ಅಲ್ಲಿ ಕಂಪನಿ ನಡುವೆ ಬಂದು ತನ್ನ ಪುಟ ತೋರಿಸಲು ಆಗುವುದಿಲ್ಲ. ಹಾಗಾಗಿ ಪುಟ ತೆರೆಯದೆ ಸುಮ್ನೆ ನಿಲ್ಲುತ್ತದೆ, ಇಲ್ಲವೇ ಸಂಪರ್ಕ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆ ದಾಟಿ ಮುಂದೆ ಹೋಗಬೇಡಿ. ಪುಟವೇ ಬರದೆ ಎಲ್ಲವೂ ಸತ್ತಂತಿದ್ದರೆ ಫೋನಿನಿಂದ 611 ಒತ್ತಿ. ಇಲ್ಲಿನ ಹೆಚ್ಚಿನ ಕಂಪನಿಗಳಲ್ಲಿ ಅದು ಅವರ ಸಹಾಯವಾಣಿಗೆ ಹೋಗುತ್ತದೆ.

ಪುಟ ಬಂದ ಕೂಡಲೇ ಅಲ್ಲೇ ಕಾರ್ಡ್ ನಂಬರ್ ತುಂಬುವ ಅಭ್ಯಾಸ ಒಳ್ಳೆಯದಲ್ಲ. ವೈಫೈ ಆನ್ ಮಾಡಿ ಅದೇ neverssl.com ಮತ್ತೆ ತೆರೆಯಿರಿ. ಈಗ ಅದು ಸರಿಯಾಗಿ ಬಂದರೆ ತಡೆ ಇರುವುದು ನಿಮ್ಮ ಲೈನಿನಲ್ಲೇ. ವೈಫೈಯಲ್ಲೂ ಬೇರೆ ಪುಟಕ್ಕೆ ಎಳೆದುಕೊಂಡು ಹೋದರೆ ತೊಂದರೆ ಆ ವೈಫೈಯದ್ದು ಅಥವಾ ಫೋನಿನದ್ದು, ಅಲ್ಲಿ ಏನನ್ನೂ ತುಂಬಬೇಡಿ. ದುಡ್ಡು ಕಟ್ಟಲು ಕಂಪನಿಯ ಆ್ಯಪ್ ತೆರೆಯಿರಿ, ಇಲ್ಲವೇ ವಿಳಾಸ ನೀವೇ ಟೈಪ್ ಮಾಡಿ. ನಿಮ್ಮ ಲೈನ್ ನಿಲ್ಲುತ್ತದೆ, ಇಲ್ಲಿ ಒತ್ತಿ ಅಂತ ಎಸ್ಸೆಮ್ಮೆಸ್ಸಿನಲ್ಲಿ ಬಂದ ಲಿಂಕನ್ನು ಮುಟ್ಟಬೇಡಿ. ಗಿಫ್ಟ್ ಕಾರ್ಡ್ ಕೊಂಡು ನಂಬರ್ ಹೇಳಿ ಅಂದರಂತೂ ಅದು ಪಕ್ಕಾ ಮೋಸ.

ಮನೆಯ ವೈಫೈಯಿಂದ ಕಟ್ಟುವುದಕ್ಕೆ ಇನ್ನೊಂದು ಕಾರಣ ಇದೆ. ನಿಂತ ಲೈನಿನಲ್ಲಿ ಕಂಪನಿಯ ಪುಟ ತೆರೆದರೂ ಬ್ಯಾಂಕಿನ ಪುಟ ತೆರೆಯದೇ ಇರಬಹುದು. ಓಟಿಪಿ ಬರಬೇಕಾದದ್ದೂ ಅದೇ ನಿಂತ ನಂಬರಿಗಾದರೆ ಸಿಕ್ಕಿಬಿದ್ದ ಹಾಗೆ. ಆಗ ಮೈಸೂರಿನಲ್ಲಿರುವ ಅಪ್ಪನಿಗೆ ಹೇಳಿ ಅಲ್ಲಿಂದ ಹಾಕಿಸೋಣ ಅನ್ನಿಸುವುದು ಸಹಜ, ನಾವೆಲ್ಲ ರೀಚಾರ್ಜ್ ಮಾಡಿಸಿಕೊಂಡು ಬೆಳೆದವರು. ಆದರೆ 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಬಂದ್ ಇರುತ್ತದೆ, ಅದನ್ನು ನಾವೇ ಆನ್ ಮಾಡಿಸಬೇಕು. ಮೇಲೆ ಇಲ್ಲಿನ ಸೈಟುಗಳು ಐದು ಅಂಕಿಯ ಜಿಪ್ ಕೇಳುತ್ತವೆ, ನಮ್ಮ ಪಿನ್‌ಕೋಡ್ ಆರು ಅಂಕಿ. ಆ ಹೊತ್ತಿನಲ್ಲಿ ಇದೆಲ್ಲ ಬಗೆಹರಿಯುವುದಿಲ್ಲ. ವಾಲ್‌ಮಾರ್ಟ್ ಅಥವಾ ಟಾರ್ಗೆಟ್‌ಗೆ ಹೋಗಿ ನಿಮ್ಮದೇ ಕಂಪನಿಯ ರೀಫಿಲ್ ಕಾರ್ಡ್ ಕೊಂಡರೆ ಕೆಲಸ ಬೇಗ ಆಗುತ್ತದೆ. ಆ ಕಾರ್ಡಿನ ಪಿನ್ ಹಾಕುವ ತನಕ ರಸೀದಿ ಬಿಸಾಡಬೇಡಿ.

ಕಟ್ಟಿದ ಮೇಲೂ ಅದೇ ಪುಟ ಬರುತ್ತಿದೆ ಅಂತ ಕೆಲವರು ಎರಡನೇ ಸಲ ಕಟ್ಟುತ್ತಾರೆ. ಹಾಗೆ ಮಾಡಬೇಡಿ. ಆ ಟ್ಯಾಬ್ ಮುಚ್ಚಿ, ಏರೋಪ್ಲೇನ್ ಮೋಡ್ ಆನ್ ಮಾಡಿ ಆಫ್ ಮಾಡಿ, ಬಗ್ಗದಿದ್ದರೆ ಫೋನನ್ನೇ ಆಫ್ ಮಾಡಿ ಆನ್ ಮಾಡಿ. ಸ್ವಲ್ಪ ಹೊತ್ತು ಕಾದೂ ಬರದಿದ್ದರೆ ಆಗ 611.

ಸ್ನೇಹಿತರ ಜೊತೆ ಫ್ಯಾಮಿಲಿ ಪ್ಲಾನ್ ಹಂಚಿಕೊಂಡವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಖಾತೆ ಒಬ್ಬನ ಹೆಸರಿನಲ್ಲಿ ಇರುತ್ತದೆ. ಅವನು ಬಿಲ್ ಕಟ್ಟದಿದ್ದರೆ, ಅಥವಾ ಊರಿಗೆ ವಾಪಸ್ ಹೋದರೆ, ಎಲ್ಲರ ಲೈನೂ ಒಟ್ಟಿಗೆ ನಿಲ್ಲುತ್ತದೆ. ನಿಮ್ಮ ನಂಬರನ್ನು ಬೇರೆ ಕಂಪನಿಗೆ ಒಯ್ಯಲು ಅವನ ಖಾತೆ ನಂಬರೂ ಟ್ರಾನ್ಸ್‌ಫರ್ ಪಿನ್ನೂ ಬೇಕು. ಬಾಕಿ ಇದೆ ಅನ್ನುವ ಕಾರಣಕ್ಕೆ ಹಳೆಯ ಕಂಪನಿ ನಂಬರ್ ಬಿಡಲ್ಲ ಅನ್ನುವಂತಿಲ್ಲ, ಫೆಡರಲ್ ಕಮ್ಯುನಿಕೇಶನ್ಸ್ ಕಮಿಷನ್ ನಿಯಮ ಹಾಗಿದೆ. ಆದರೆ ಲೈನ್ ಪೂರ್ತಿ ರದ್ದಾದ ಮೇಲೆ ಒಯ್ಯುವುದು ಕಷ್ಟ. ರದ್ದಾದ ನಂಬರನ್ನು 45 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಕೊಡಬಹುದು. ಮಗುವಿನ ಶಾಲೆಯಲ್ಲಿ, ಡಾಕ್ಟರ್ ಹತ್ತಿರ, ಬ್ಯಾಂಕಿನಲ್ಲಿ ಬರೆಸಿರುವುದು ಆ ನಂಬರೇ. ಹಾಗಾಗಿ ಸ್ನೇಹಿತ ಊರಿಗೆ ಹೊರಡುವ ಮೊದಲೇ ಪಿನ್ ಕೇಳಿ ಇಸಿದುಕೊಂಡು ನಂಬರನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ.