ಕಪಾಟಿನೊಳಗಿನ ರೌಟರ್: ಬಿಸಿ ಎಂದರು, ತಪ್ಪು ಸಿಕ್ಕಿದ್ದು ಅಡಾಪ್ಟರ್‌ನಲ್ಲಿ

ಮುಚ್ಚಿದ ಕಪಾಟಿನಲ್ಲಿಟ್ಟ ರೌಟರ್ ದಿನಕ್ಕೆ ನಾಲ್ಕೈದು ಸಲ ತಾನಾಗಿ ರೀಬೂಟ್ ಆಗುತ್ತಿತ್ತು. ನೋಡಿದವರೆಲ್ಲ ಬಿಸಿಯೇ ಕಾರಣ ಅಂದರು. ಅಡಾಪ್ಟರ್ ಮೇಲೆ ಅನುಮಾನ ಅಂದರೆ ಯಾರೂ ಒಪ್ಪಲಿಲ್ಲ. ಮೀಟರ್ ಹಿಡಿದರೆ 12.2 ವೋಲ್ಟ್ ಚೆನ್ನಾಗಿಯೇ ತೋರಿಸುತ್ತಿತ್ತು. ಈಗ ಐದು ತಿಂಗಳಿನಿಂದ ಒಂದು ರೀಬೂಟ್ ಕೂಡ ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಬಿಸಿಯ ಲೆಕ್ಕವನ್ನೇ ಹಿಡಿದೆ. ಕೇಬಲ್ ಹಾಕಿದ ಕಂಪ್ಯೂಟರ್‌ನಿಂದ ಸಮಯದ ಗುರುತಿನೊಂದಿಗೆ ಪಿಂಗ್, ರೌಟರ್ ಒಳಗೆ ನಿಮಿಷಕ್ಕೊಮ್ಮೆ ಚಿಪ್‌ನ ತಾಪಮಾನ. ರೀಬೂಟ್ ಆದರೆ ರೌಟರ್‌ನ ಲಾಗ್ ಅಳಿಸಿಹೋಗುವುದರಿಂದ ಎರಡನ್ನೂ ಕಂಪ್ಯೂಟರ್‌ನಲ್ಲೇ ಉಳಿಸಬೇಕು.

```
ping -D 192.168.1.1
cat /sys/class/thermal/thermal_zone0/temp
```

ಎರಡನೆಯದು ಕೊಡುವ ಸಂಖ್ಯೆಯನ್ನು ಸಾವಿರದಿಂದ ಭಾಗಿಸಿದರೆ ಡಿಗ್ರಿ ಸೆಲ್ಸಿಯಸ್. ಒಂದು ವಾರದ ದಾಖಲೆಯಲ್ಲಿ ಕೆಲವು ರೀಬೂಟ್ 70ರ ಆಸುಪಾಸಿನಲ್ಲಿ, ಕೆಲವು 86ರಲ್ಲಿ. ಚಿಪ್ ಬಿಸಿಯಿಂದಲೇ ಬೀಳುವುದಾದರೆ ಹೆಚ್ಚುಕಡಿಮೆ ಅದೇ ತಾಪಮಾನದಲ್ಲಿ ಬೀಳಬೇಕು. ಎದ್ದ ಮೇಲೂ ಬಿಸಿಯಾಗೇ ಇರುವುದರಿಂದ ಸ್ವಲ್ಪ ಹೊತ್ತಿಗೆ ಮತ್ತೆ ಬೀಳಬೇಕು. ಇಲ್ಲಿ ಹಾಗಿರಲಿಲ್ಲ. ಎಲ್ಲ ರೀಬೂಟ್‌ಗಳಿಗೂ ಇದ್ದ ಒಂದೇ ಹೋಲಿಕೆಯೆಂದರೆ ಆ ಹೊತ್ತಿಗೆ ವೈಫೈನಲ್ಲಿ ದೊಡ್ಡ ಡೌನ್‌ಲೋಡ್ ನಡೆಯುತ್ತಿತ್ತು.

ನಡುವೆ ವ್ಯರ್ಥವಾದದ್ದು ಬಹಳ. ಫರ್ಮ್‌ವೇರ್ ಎರಡು ಸಲ ಹೊಸದಾಗಿ ಹಾಕಿದ್ದಕ್ಕೆ ಏನೂ ಬದಲಾಗಲಿಲ್ಲ. ಕಪಾಟಿನ ಬಾಗಿಲು ತೆರೆದಿಟ್ಟರೆ ರೀಬೂಟ್ ಕಡಿಮೆಯಾದವು, ನಿಲ್ಲಲಿಲ್ಲ. ಕೊನೆಗೆ 5 ವೋಲ್ಟ್‌ನ ಸಣ್ಣ ಫ್ಯಾನ್ ತಂದು ರೌಟರ್‌ನ ಯುಎಸ್‌ಬಿ ಪೋರ್ಟ್‌ಗೇ ಚುಚ್ಚಿದೆ. ಚಿಪ್ ಹನ್ನೆರಡು ಡಿಗ್ರಿಯಷ್ಟು ತಣ್ಣಗಾಯಿತು, ರೀಬೂಟ್ ಮಾತ್ರ ಹೆಚ್ಚಿತು! ಫ್ಯಾನ್ ಎಳೆಯುವ ಒಂದು ವಾಟ್ ಬರುವುದೂ ಅದೇ ಅಡಾಪ್ಟರ್‌ನಿಂದ. ತಣ್ಣಗಾದಷ್ಟೂ ಹೆಚ್ಚು ಬೀಳುತ್ತಿದೆ ಅಂದರೆ ತೊಂದರೆ ಕರೆಂಟ್‌ನದು ಅನ್ನುವುದು ಅಲ್ಲಿ ಖಚಿತವಾಯಿತು.

ಅಡಾಪ್ಟರ್ 12 ವೋಲ್ಟ್, 1 ಆಂಪ್. ಲೋಡ್ ಇಲ್ಲದೆ ಅಳೆದರೆ ಸಾಯುತ್ತಿರುವ ಅಡಾಪ್ಟರ್ ಕೂಡ 12 ತೋರಿಸುತ್ತದೆ. ಹಾಗಾಗಿ 12 ಓಮ್, 25 ವಾಟ್‌ನ ವೈರ್‌ವೌಂಡ್ ರೆಸಿಸ್ಟರ್ ಜೋಡಿಸಿ ಸರಿಯಾಗಿ 1 ಆಂಪ್ ಎಳೆಸಿದೆ. ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಹೆಂಚಿನ ಮೇಲಿಟ್ಟೇ ಮಾಡಬೇಕು. ಅಡಾಪ್ಟರ್ ತಣ್ಣಗಿದ್ದಾಗ 11.8 ಬಂತು. ಅದನ್ನೇ ಕಪಾಟಿನೊಳಗೆ ಇಪ್ಪತ್ತು ನಿಮಿಷ ಓಡಿಸಿದ ಮೇಲೆ 10.9.

ಆದರೆ 10.9ಕ್ಕೇ ರೌಟರ್ ಬೀಳುವುದಿಲ್ಲ. ಒಳಗಿನ ಕನ್ವರ್ಟರ್ ಅಷ್ಟನ್ನು ತಡೆದುಕೊಳ್ಳುತ್ತದೆ. ಬೀಳಿಸುವುದು ಆ ಸರಾಸರಿಯ ಹಿಂದಿರುವ ಏರಿಳಿತ. ಮೀಟರ್ ನಿಧಾನದ್ದು, ಮಿಲಿಸೆಕೆಂಡ್‌ಗಳ ಕುಸಿತ ಅದಕ್ಕೆ ಕಾಣುವುದಿಲ್ಲ. 1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಮೀಟರ್‌ನ ಒಂದು ತಂತಿಗೆ ಸರಣಿಯಲ್ಲಿ ಹಾಕಿ ಎಸಿ ರೇಂಜ್‌ನಲ್ಲಿ ನೋಡಿದೆ: ಸುಮಾರು 0.4 ವೋಲ್ಟ್. ಒಳ್ಳೆಯ ಅಡಾಪ್ಟರ್ ಅದೇ ಮೀಟರ್‌ನಲ್ಲಿ ಇದರ ಹತ್ತನೇ ಒಂದು ಪಾಲೂ ತೋರಿಸಲಿಲ್ಲ. ಸಾಧಾರಣ ಮೀಟರ್ ಈ ಆವರ್ತನವನ್ನು ಸರಿಯಾಗಿ ಓದುವುದಿಲ್ಲ, ಆದ್ದರಿಂದ ಸಂಖ್ಯೆಯನ್ನೇ ನಂಬಬಾರದು. ಒಳ್ಳೆಯದರ ಜೊತೆ ಹೋಲಿಸಿಯೇ ನೋಡಬೇಕು.

ಅಡಾಪ್ಟರ್ ಬಿಚ್ಚಿದಾಗ ಔಟ್‌ಪುಟ್ ಬದಿಯ ಎರಡು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಆ ಏರಿಳಿತವನ್ನು ಸಮ ಮಾಡಬೇಕಾದವು ಇವೇ, ಉಬ್ಬಿವೆ ಅಂದರೆ ಕೆಟ್ಟಿವೆ. ಬಿಸಿ ಅಂದವರದ್ದು ಅಷ್ಟರ ಮಟ್ಟಿಗೆ ನಿಜ: ಹತ್ತು ಡಿಗ್ರಿ ಹೆಚ್ಚಾದರೆ ಇವುಗಳ ಆಯುಸ್ಸು ಸುಮಾರು ಅರ್ಧವಾಗುತ್ತದೆ, ಮತ್ತು ಅಡಾಪ್ಟರ್ ಕೂಡ ಅದೇ ಕಪಾಟಿನಲ್ಲಿ ಎರಡು ವರ್ಷ ಬೆಂದಿತ್ತು. 1000 ಮೈಕ್ರೋಫ್ಯಾರಡ್, 16 ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ ಕೆಪಾಸಿಟರ್ ಹಾಕಿದೆ. ಇದು ರೌಟರ್ ಬೆಲೆಯ ಮುಂದೆ ಚಿಲ್ಲರೆ ಕಾಸು. ಮೇನ್ಸ್ ಬದಿಯ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿರಬಹುದು. ಅದನ್ನು ಖಾಲಿ ಮಾಡಿ ಅಳೆದು ನೋಡದೆ ಕೈ ಹಾಕಬೇಡಿ. ಅಂಟಿಸಿದ ಕವಚವನ್ನು ಒಡೆಯದೆ ಬಿಚ್ಚುವ ಬಗೆ ನನ್ನ ಬಳಿಯೇ ಇರಲಿ.

ಈಗ ರಿಪೇರಿಯಾದದ್ದು ಸ್ಪೇರ್. ಕೆಲಸಕ್ಕೆ 12 ವೋಲ್ಟ್, 2 ಆಂಪ್‌ನದ್ದನ್ನು ಹಾಕಿದ್ದೇನೆ. ಆಂಪ್ ಹೆಚ್ಚಿದ್ದರೆ ತೊಂದರೆಯಿಲ್ಲ, ರೌಟರ್ ಬೇಕಾದಷ್ಟನ್ನೇ ಎಳೆಯುತ್ತದೆ. ವೋಲ್ಟ್ ಮತ್ತು ಧ್ರುವತೆ ಮಾತ್ರ ಅದೇ ಇರಬೇಕು. ಪಿನ್ ಅಳತೆಯಲ್ಲಿ ನಾನೂ ಒಮ್ಮೆ ದುಡ್ಡು ಕಳೆದೆ: 2.1 ಮಿಲಿಮೀಟರ್ ಪಿನ್‌ಗೆ 2.5ರ ಪ್ಲಗ್ ಹೋಗಿ ಕೂರುತ್ತದೆ, ಆದರೆ ಸಡಿಲ. ಕೇಬಲ್ ಅಲುಗಿದರೆ ಮತ್ತೆ ಅದೇ ರೀಬೂಟ್. ಅಡಾಪ್ಟರನ್ನು ಕಪಾಟಿನ ಹೊರಗೆ ತಂದು, ಕಪಾಟಿಗೆ ಕೆಳಗೊಂದು ಮೇಲೊಂದು ತೂತು ಕೊರೆದಿದ್ದೇನೆ. ಚಿಪ್ ಈಗ ಫ್ಯಾನ್ ಇಲ್ಲದೆ 72 ದಾಟುವುದಿಲ್ಲ.